ಬೆನ್ನು ಹತ್ತುವ ಮಾತು, ಹಿಂದೆ ಸರಿಯುವ ಮೌನ



ಗಂಡಹೆಂಡಿರ ಕಲಹವೆಂದರೆ ಇಬ್ಬರೂ ದನಿಯೇರಿಸಿ ಮಾತಿಗೆ ಮಾತು ಬೆಳೆಸುವುದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಚಿಕಿತ್ಸಾಲಯದಲ್ಲಿ ಕುಳಿತು ಮನೆಗಳ ಸುಖದುಃಖಗಳನ್ನು ಕೇಳುವ ನಮಗೆ ಹೆಚ್ಚಾಗಿ ಕಾಣಸಿಗುವುದು ಇನ್ನೊಂದು ಬಗೆಯ ಕಲಹ. ಅಲ್ಲಿ ಮಾತನಾಡುವವರು ಒಬ್ಬರೇ. ಒಬ್ಬರು ಕೇಳುತ್ತಾರೆ, ಮತ್ತೆ ಕೇಳುತ್ತಾರೆ, ಆಕ್ಷೇಪಿಸುತ್ತಾರೆ, ದೂರುತ್ತಾರೆ. ಮತ್ತೊಬ್ಬರು ಮಾತು ಬದಲಿಸುತ್ತಾರೆ, ಮೌನವಾಗುತ್ತಾರೆ, ಕೊನೆಗೆ ಎದ್ದು ಹೊರಗೆ ಹೋಗುತ್ತಾರೆ. ಕೇಳುವವರು ಒತ್ತಿ ಕೇಳಿದಷ್ಟೂ ಮೌನಿಗಳು ದೂರ ಸರಿಯುತ್ತಾರೆ. ಅವರು ದೂರ ಸರಿದಷ್ಟೂ ಇವರ ಒತ್ತಾಯ ಹೆಚ್ಚುತ್ತದೆ. ಮನಶ್ಶಾಸ್ತ್ರಜ್ಞರು ಇದನ್ನು ಒತ್ತಾಯ ಮತ್ತು ಹಿಂಸರಿತದ ಮಾದರಿಯೆಂದು ಗುರುತಿಸಿ, ಐದು ದಶಕಗಳಿಗೂ ಮಿಕ್ಕಿ ಅಭ್ಯಾಸ ಮಾಡಿದ್ದಾರೆ.

ಆರೋಗ್ಯದ ಅಂಕಣದಲ್ಲಿ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಆಮ್ಲಪಿತ್ತ, ನಿದ್ರಾನಾಶ, ತಲೆಶೂಲೆ, ಹತೋಟಿಗೆ ಬಾರದ ರಕ್ತದೊತ್ತಡ ಎಂದು ಬರುವವರಲ್ಲಿ ಹಲವರ ಆಹಾರವಿಹಾರಗಳನ್ನು ವಿಚಾರಿಸುತ್ತ ಹೋದಾಗ, ರಾತ್ರಿಯ ಊಟದ ಹೊತ್ತಿನಲ್ಲಿ ನಡೆಯುವ ಈ ಹಗ್ಗಜಗ್ಗಾಟ ಹೊರಬೀಳುತ್ತದೆ. 2014ರಲ್ಲಿ ಪಾಲ್ ಶ್ರೋಡ್ಟ್ ಮತ್ತು ಸಂಗಡಿಗರು ಈ ವಿಷಯವಾಗಿ ಅದುವರೆಗೆ ನಡೆದಿದ್ದ 74 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಅವುಗಳಲ್ಲಿ ಭಾಗವಹಿಸಿದವರು 14 ಸಾವಿರಕ್ಕೂ ಹೆಚ್ಚು ಜನ. ಈ ಮಾದರಿ ಇದ್ದ ಕಡೆ ಸಂಬಂಧದಲ್ಲಿ ಅತೃಪ್ತಿ ಮಾತ್ರವಲ್ಲ, ಆ ವ್ಯಕ್ತಿಗಳ ಕ್ಷೇಮವೂ ಕುಂದಿದ್ದುದು ಕಂಡುಬಂದಿತು.

ಒಂದು ಮನೆಯ ಸಂಜೆ

ಮಾದರಿಯನ್ನು ವಿವರಿಸಲು ಹಲವು ಮನೆಗಳ ಸಂಗತಿಗಳನ್ನು ಕೂಡಿಸಿ ಒಂದು ಮನೆಯ ಚಿತ್ರವನ್ನು ಇಲ್ಲಿ ಕೊಡುತ್ತೇವೆ. ಯಜಮಾನರಿಗೆ 48 ವರ್ಷ, ಊರಿನಲ್ಲಿ ಗೊಬ್ಬರದ ಅಂಗಡಿ. ಪತ್ನಿಗೆ 42 ವರ್ಷ. ಎರಡು ವರ್ಷಗಳ ಹಿಂದೆ ತಮ್ಮನ ಹೊಲದಲ್ಲಿ ಕೊಳವೆಬಾವಿ ಕೊರೆಸಲು ಹಣ ಬೇಕಾದಾಗ, ಯಜಮಾನರು ಪತ್ನಿಯ 4 ತೊಲ ಬಂಗಾರವನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ಒಂದೂವರೆ ಲಕ್ಷ ರೂಪಾಯಿ ಸಾಲ ತಂದರು. ಸುಗ್ಗಿಗೆ ತೀರಿಸುವೆನೆಂದಿದ್ದ ತಮ್ಮ ತೀರಿಸಲಿಲ್ಲ. ಈಗ ಮಗಳಿಗೆ ಸಂಬಂಧ ಗೊತ್ತಾಗುವ ಹಂತದಲ್ಲಿದೆ.

ಸಂಜೆ ಎಂಟಕ್ಕೆ ಯಜಮಾನರು ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆದು ಊಟಕ್ಕೆ ಕೂಡುತ್ತಾರೆ. ರೊಟ್ಟಿ ಬಡಿಸುತ್ತ ಆಕೆ ಕೇಳುತ್ತಾಳೆ: “ಬ್ಯಾಂಕಿಗೆ ಹೋಗಿದ್ರೇನು?”

“ನೋಡೋಣು.”

“ನೋಡೋಣು ಅಂತ ಎಷ್ಟು ದಿವಸ ಅಂತೀರಿ? ಅವರು ನಾಳೆ ಬಂದು ಹುಡುಗಿ ಕೊರಳಾಗ ಏನು ಹಾಕ್ತೀರಿ ಅಂತ ಕೇಳಿದ್ರ ನಾ ಏನು ಹೇಳ್ಲಿ?”

ಉತ್ತರವಿಲ್ಲ. ಯಜಮಾನರ ಕಣ್ಣು ಮೊಬೈಲಿನ ಮೇಲೆ.

“ನಾ ಏನು ಗ್ವಾಡಿ ಜೋಡಿ ಮಾತಾಡಾಕತ್ತೇನೇನ್ರೀ? ತಮ್ಮನ ಮಾತು ಬಂದ್ರ ಬಾಯಿಗೆ ಬೀಗ ಬೀಳತೈತಿ. ನಿಮ್ಮ ಮನಿಯವರೆಲ್ಲಾ ಹಿಂಗ.”

ಅರ್ಧ ರೊಟ್ಟಿ ತಾಟಿನಲ್ಲಿಯೇ ಉಳಿಯುತ್ತದೆ. ಯಜಮಾನರು ಕೈತೊಳೆದು, ಚಪ್ಪಲಿ ಮೆಟ್ಟಿ ಗುಡಿಯ ಕಟ್ಟೆಗೆ ಹೋಗುತ್ತಾರೆ. ಹತ್ತೂವರೆಗೆ ಮರಳಿ ಬಂದಾಗ ಆಕೆ ಗೋಡೆಯ ಕಡೆ ಮುಖಮಾಡಿ ಮಲಗಿರುತ್ತಾಳೆ; ನಿದ್ರೆ ಮಾತ್ರ ಇಬ್ಬರಿಗೂ ಇಲ್ಲ. ಮರುದಿನ ಆಕೆ ಸ್ವಲ್ಪ ಬೇಗ, ಸ್ವಲ್ಪ ಗಟ್ಟಿಯಾಗಿ ಕೇಳುತ್ತಾಳೆ. ಆತ ಸ್ವಲ್ಪ ಬೇಗ ಏಳುತ್ತಾನೆ. ತಿಂಗಳೊಪ್ಪತ್ತಿನಲ್ಲಿ ಆಕೆಗೆ ಎದೆಯುರಿ, ಆತನಿಗೆ ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲಿಯೇ ತಲೆ ಭಾರ.

ಮೊದಲು ಯಾರು?

ಇಬ್ಬರನ್ನೂ ಬೇರೆ ಬೇರೆಯಾಗಿ ಕೂಡಿಸಿ ಕೇಳಿದರೆ ಎರಡು ಉತ್ತರಗಳು ಬರುತ್ತವೆ. ಆಕೆ ಹೇಳುವುದು: “ಅವರು ಬಾಯಿ ಬಿಡೂದಿಲ್ಲ, ಅದಕ್ಕ ನಾ ಕೇಳ್ತೇನಿ.” ಆತ ಹೇಳುವುದು: “ಆಕಿ ಬಿಡೂದಿಲ್ಲ, ಅದಕ್ಕ ನಾ ಏಳ್ತೇನಿ.” ಎರಡೂ ಸುಳ್ಳಲ್ಲ. ಆದರೆ ಎರಡೂ ಅರ್ಧ ಸತ್ಯಗಳು.

ಅಮೆರಿಕದ ಪಾಲೊ ಆಲ್ಟೊದಲ್ಲಿ ಪಾಲ್ ವಾಟ್ಸ್ಲಾವಿಕ್, ಜಾನೆಟ್ ಬೀವಿನ್ ಮತ್ತು ಡಾನ್ ಜಾಕ್ಸನ್ ಎಂಬವರು 1967ರಲ್ಲಿ ಮಾನವ ಸಂವಹನದ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಅವರು ಇಂಥದೇ ಒಂದು ದಾಂಪತ್ಯವನ್ನು ಉದಾಹರಿಸಿ, ಈ ದಂಪತಿಗಳ ಭಿನ್ನಾಭಿಪ್ರಾಯ ನಡೆದ ಸಂಗತಿಯ ಬಗ್ಗೆ ಅಲ್ಲ, ಅದು ಎಲ್ಲಿಂದ ಆರಂಭವಾಯಿತೆಂಬುದರ ಬಗ್ಗೆ ಎಂದು ತೋರಿಸಿದರು. ನಿಲ್ಲದೆ ತಿರುಗುವ ಗಾಣದ ಎತ್ತಿನ ಹೆಜ್ಜೆಗಳಲ್ಲಿ ಮೊದಲನೆಯದು ಯಾವುದೆಂದು ಹೇಳುವುದು ಹೇಗೆ? ಆಕೆ ತನ್ನ ಎಣಿಕೆಯನ್ನು ಆತನ ಮೌನದಿಂದ ಆರಂಭಿಸುತ್ತಾಳೆ. ಹೀಗಾಗಿ ತನ್ನ ಪ್ರಶ್ನೆ ಕೇವಲ ಪ್ರತಿಕ್ರಿಯೆಯೆಂದು ತೋರುತ್ತದೆ. ಆತ ತನ್ನ ಎಣಿಕೆಯನ್ನು ಆಕೆಯ ಪ್ರಶ್ನೆಯಿಂದ ಆರಂಭಿಸುತ್ತಾನೆ. ಹೀಗಾಗಿ ತನ್ನ ಮೌನ ಕೇವಲ ರಕ್ಷಣೆಯೆಂದು ತೋರುತ್ತದೆ. ಇಬ್ಬರಿಗೂ ತಾವು ಮಾಡುವುದು ಮದ್ದಿನಂತೆ ಕಾಣುತ್ತದೆ. ಒಬ್ಬರ ಮದ್ದೇ ಮತ್ತೊಬ್ಬರ ರೋಗಕ್ಕೆ ಕಾರಣವಾಗುತ್ತಿರುವುದು ಮಾತ್ರ ಇಬ್ಬರಿಗೂ ಕಾಣುವುದಿಲ್ಲ.

ಬಂಧುಮಿತ್ರರು ನ್ಯಾಯ ಹೇಳಲು ಕುಳಿತಾಗ ಸೋಲುವುದು ಇಲ್ಲಿಯೇ. “ಆಕಿದು ಬಾಯಿ ಜಾಸ್ತಿ” ಎಂದು ಒಬ್ಬರು, “ಆತಂದು ಕಲ್ಲಿನಂಥ ಮನಸ್ಸು” ಎಂದು ಮತ್ತೊಬ್ಬರು ತೀರ್ಪು ಕೊಡುತ್ತಾರೆ. ಹಾಗೆ ಕೊಟ್ಟ ತೀರ್ಪು ಚಕ್ರಕ್ಕೆ ಇನ್ನೊಂದು ಸುತ್ತಿನ ಬಲವನ್ನು ಕೊಡುತ್ತದೆ, ಅಷ್ಟೇ.

ಇದು ಹೆಣ್ಣಿನ ಸ್ವಭಾವವೇ?

ಬೆನ್ನು ಹತ್ತುವುದು ಹೆಂಗಸರ ಗುಣ, ಸರಿದು ನಿಲ್ಲುವುದು ಗಂಡಸರ ಗುಣ ಎಂಬ ಮಾತು ಎಲ್ಲೆಡೆ ಇದೆ. ಹೆಚ್ಚಿನ ಮನೆಗಳಲ್ಲಿ ಹೊರನೋಟಕ್ಕೆ ಹಾಗೆಯೇ ಕಾಣುವುದೂ ನಿಜ. ಆದರೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ಕ್ರಿಸ್ಟೆನ್ಸನ್ ಮತ್ತು ಕ್ರಿಸ್ಟೋಫರ್ ಹೀವಿ 1990ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ನಂಬಿಕೆಯನ್ನು ಸಡಿಲಿಸಿತು. ಅವರು ದಂಪತಿಗಳಿಗೆ ಎರಡು ವಿಷಯಗಳನ್ನು ಕುರಿತು ಮಾತನಾಡುವಂತೆ ಹೇಳಿದರು. ಒಂದು, ಪತಿಯಲ್ಲಿ ಆಗಬೇಕೆಂದು ಪತ್ನಿ ಬಯಸುವ ಬದಲಾವಣೆ. ಇನ್ನೊಂದು, ಪತ್ನಿಯಲ್ಲಿ ಆಗಬೇಕೆಂದು ಪತಿ ಬಯಸುವ ಬದಲಾವಣೆ. ಪತ್ನಿಗೆ ಬದಲಾವಣೆ ಬೇಕಾದ ವಿಷಯದಲ್ಲಿ ಆಕೆ ಒತ್ತಾಯಿಸುವುದೂ ಆತ ಸರಿಯುವುದೂ ಸ್ಪಷ್ಟವಾಗಿ ಹೆಚ್ಚಿತ್ತು. ಪತಿಗೆ ಬದಲಾವಣೆ ಬೇಕಾದ ವಿಷಯ ಬಂದಾಗ ಆ ವ್ಯತ್ಯಾಸ ಉಳಿಯಲಿಲ್ಲ.

ಅಂದರೆ ಯಾರಿಗೆ ಇದ್ದ ಸ್ಥಿತಿ ಬದಲಾಗಬೇಕಾಗಿದೆಯೋ ಅವರು ಬೆನ್ನು ಹತ್ತುತ್ತಾರೆ. ಯಾರಿಗೆ ಇದ್ದ ಸ್ಥಿತಿಯೇ ಅನುಕೂಲವೋ ಅಥವಾ ಮಾತೆತ್ತುವುದೇ ಅಪಾಯವೆನಿಸುವುದೋ ಅವರು ಸರಿಯುತ್ತಾರೆ. ಮನೆಯ ವ್ಯವಸ್ಥೆಯಲ್ಲಿ ಹಣ, ತಿರುಗಾಟ, ತೀರ್ಮಾನಗಳು ಒಬ್ಬರ ಕೈಯಲ್ಲಿದ್ದರೆ ಕೇಳಬೇಕಾದವರು ಇನ್ನೊಬ್ಬರೇ ಆಗುತ್ತಾರೆ. ನಮ್ಮ ಉದಾಹರಣೆಯ ಗೃಹಿಣಿಗೆ ಬ್ಯಾಂಕಿನ ಪಾವತಿ ಎಲ್ಲಿದೆ ಎಂಬುದೂ ತಿಳಿಯದು. ಕೇಳದೆ ಆಕೆಗೆ ಬೇರೆ ದಾರಿಯಿಲ್ಲ. ಅದೇ ಮನೆಯಲ್ಲಿ ಯಜಮಾನರು ಮಗನ ಓದಿನ ವಿಷಯದಲ್ಲಿ ಬೆನ್ನು ಹತ್ತುತ್ತಾರೆ, ಮಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಒಬ್ಬನೇ ವ್ಯಕ್ತಿ ಒಂದು ಸಂಬಂಧದಲ್ಲಿ ಸರಿಯುವವನೂ ಇನ್ನೊಂದರಲ್ಲಿ ಬೆನ್ನು ಹತ್ತುವವನೂ ಆಗಿರಬಲ್ಲನು.

ಮೌನದ ಒಳಗೆ ನಡೆಯುವುದು

ಸುಮ್ಮನೆ ಕುಳಿತವರನ್ನು ನೋಡಿ “ಏನೂ ತಾಗುವುದಿಲ್ಲ” ಎಂದು ತಿಳಿಯುವುದೇ ಬೆನ್ನು ಹತ್ತುವವರ ದೊಡ್ಡ ತಪ್ಪೆಣಿಕೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್‌ಮನ್ ಅವರು ದಂಪತಿಗಳ ಮಾತುಕತೆಯನ್ನು ಚಿತ್ರೀಕರಿಸುವುದರ ಜೊತೆಗೆ ಅವರ ಹೃದಯಬಡಿತವನ್ನೂ ಅಳೆಯುತ್ತಿದ್ದರು. ಕಲ್ಲಿನಂತೆ ಕುಳಿತವರ ಮೈಯೊಳಗೆ ಹೆಚ್ಚಾಗಿ ದೊಡ್ಡ ಕೋಲಾಹಲವೇ ನಡೆದಿರುತ್ತಿತ್ತು. ನಿಮಿಷಕ್ಕೆ 72ರ ಸುಮಾರಿನಲ್ಲಿರಬೇಕಾದ ಬಡಿತ 100ನ್ನು ದಾಟಿದಾಗ ದೇಹವು ಓಡುವುದಕ್ಕೆ ಅಥವಾ ಕಾದಾಡುವುದಕ್ಕೆ ಸಿದ್ಧವಾಗುತ್ತದೆ. ಆ ಸ್ಥಿತಿಯಲ್ಲಿ ಎದುರಿನವರ ಮಾತು ಕಿವಿಗೆ ಬಿದ್ದರೂ ಅರ್ಥ ಮನಸ್ಸಿಗೆ ಇಳಿಯುವುದಿಲ್ಲ. ಹೊಸ ಉಪಾಯ ಹೊಳೆಯುವುದಿಲ್ಲ. ಹಳೆಯ ಎರಡು ದಾರಿಗಳಷ್ಟೇ ಉಳಿಯುತ್ತವೆ, ಎದುರು ಬೀಳುವುದು ಇಲ್ಲವೇ ಎದ್ದು ಹೋಗುವುದು.

ಗಾಟ್‌ಮನ್ ಅವರ ಒಂದು ಪ್ರಯೋಗ ಇಲ್ಲಿ ಉಲ್ಲೇಖನೀಯ. ಜಗಳದ ವಿಷಯವನ್ನು ಮಾತನಾಡುತ್ತಿದ್ದ ದಂಪತಿಗಳನ್ನು 15 ನಿಮಿಷಗಳ ನಂತರ ತಡೆದು, ಯಂತ್ರಗಳನ್ನು ಸರಿಪಡಿಸಬೇಕಾಗಿದೆ, ಅಲ್ಲಿಯವರೆಗೆ ಆ ವಿಷಯ ಬಿಟ್ಟು ಪತ್ರಿಕೆಗಳನ್ನು ಓದುತ್ತಿರಿ ಎಂದು ಹೇಳಲಾಯಿತು. ಅರ್ಧ ಗಂಟೆಯ ನಂತರ ಮಾತು ಮತ್ತೆ ಆರಂಭವಾದಾಗ ಅವರ ಹೃದಯಬಡಿತ ಇಳಿದಿತ್ತು, ಮಾತಿನ ರೀತಿಯೂ ಸೌಮ್ಯವಾಗಿತ್ತು. ಯಾರೂ ಅವರಿಗೆ ಬುದ್ಧಿ ಹೇಳಿರಲಿಲ್ಲ. ಬದಲಾದದ್ದು ದೇಹದ ಸ್ಥಿತಿ.

ಬೆನ್ನು ಹತ್ತುವವರ ಒಳಗೂ ಕೋಪದ ಕೆಳಗೆ ಇನ್ನೊಂದು ಭಾವವಿರುತ್ತದೆ. ನಮ್ಮ ಗೃಹಿಣಿಗೆ ಬಂಗಾರದ ಚಿಂತೆ ಇದ್ದದ್ದು ನಿಜ. ಅದಕ್ಕಿಂತ ಆಳದಲ್ಲಿದ್ದದ್ದು, “ಈ ಮನೆಯಲ್ಲಿ ನಾನು ಲೆಕ್ಕಕ್ಕಿದ್ದೇನೆಯೇ?” ಎಂಬ ಭಯ. ಯಜಮಾನರ ಮೌನದ ಕೆಳಗಿದ್ದದ್ದು ಉದಾಸೀನವಲ್ಲ, ಲಜ್ಜೆ. ತಮ್ಮನನ್ನು ಕೇಳಲಾರೆ, ಹೆಂಡತಿಗೆ ಉತ್ತರಿಸಲಾರೆ ಎಂಬ ಸ್ಥಿತಿ. ಬ್ಯಾಂಕಿನಿಂದ ಒತ್ತೆ ಬಂಗಾರದ ಹರಾಜಿನ ನೋಟಿಸು ಬಂದಿತ್ತು. ಅದನ್ನು ಅಂಗಡಿಯ ಗಲ್ಲೆಯಲ್ಲಿ ಅಡಗಿಸಿಟ್ಟಿದ್ದರು. ಆಕೆಯ ಪ್ರತಿ ಪ್ರಶ್ನೆಯೂ ಆ ಗಲ್ಲೆಯ ಬೀಗಕ್ಕೆ ಕೈಹಾಕಿದಂತೆ ಅವರಿಗೆ ಅನಿಸುತ್ತಿತ್ತು. ಭಯ ಪ್ರಶ್ನೆಯ ರೂಪದಲ್ಲಿ ಹೊರಬಂದಿತು, ಲಜ್ಜೆ ಮೌನದ ರೂಪದಲ್ಲಿ. ಕೆಳಗಿನ ಭಾವಗಳು ಒಂದನ್ನೊಂದು ಎಂದೂ ಭೇಟಿಯಾಗಲಿಲ್ಲ.

ಸುಳಿಯಿಂದ ಹೊರಬರುವ ಕ್ರಮ

ಮೊದಲನೆಯ ಹೆಜ್ಜೆಯನ್ನು ಜಗಳದ ಹೊತ್ತಿನಲ್ಲಿ ಇಡಲಾಗದು. ಇಬ್ಬರೂ ಸಮಾಧಾನದಿಂದಿರುವಾಗ, ಹಸಿವಿಲ್ಲದ ಹೊತ್ತಿನಲ್ಲಿ ಕುಳಿತು ವಿಷಯವನ್ನಲ್ಲ, ಸುತ್ತನ್ನು ಮಾತ್ರ ಬರೆದುಕೊಳ್ಳಬೇಕು. “ನಾನು ಕೇಳುತ್ತೇನೆ, ನೀವು ಮೊಬೈಲು ನೋಡುತ್ತೀರಿ, ನಾನು ನಿಮ್ಮ ಮನೆಯವರನ್ನು ಎಳೆಯುತ್ತೇನೆ, ನೀವು ಏಳುತ್ತೀರಿ” ಎಂದು ನಾಲ್ಕು ಸಾಲು ಸಾಕು. ಇದರಲ್ಲಿ ‘ಅದಕ್ಕೆ’, ‘ಆದ್ದರಿಂದ’ ಎಂಬ ಪದಗಳನ್ನು ಬಳಸಬಾರದು. ಕಾರಣ ಹೇಳತೊಡಗಿದ ಕೂಡಲೇ ಮೊದಲು ಯಾರು ಎಂಬ ವ್ಯಾಜ್ಯ ಮರಳುತ್ತದೆ. ಸುತ್ತಿಗೆ ಒಂದು ಹೆಸರಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಆಗ ಜಗಳ ಆರಂಭವಾಗುವಾಗ “ನೀನು ಶುರು ಮಾಡಿದೆ” ಎನ್ನುವ ಬದಲು “ಗಾಣ ತಿರುಗತೊಡಗಿತು” ಎಂದು ಇಬ್ಬರೂ ಒಂದೇ ಕಡೆ ನಿಂತು ಹೇಳಬಹುದು.

ಎರಡನೆಯದು, ಹಿಂದೆ ಸರಿಯುವವರು ಪಾಲಿಸಬೇಕಾದ ನಿಯಮ. ಎದ್ದು ಹೋಗುವುದು ತಪ್ಪಲ್ಲ, ಮರಳುವ ಹೊತ್ತನ್ನು ಹೇಳದೆ ಹೋಗುವುದು ತಪ್ಪು. “ಈಗ ನನಗೆ ಮಾತು ಹತ್ತುವುದಿಲ್ಲ. ಒಂಬತ್ತೂವರೆಗೆ ಕುಳಿತು ಮಾತನಾಡೋಣ” ಎಂದು ಹೇಳಿ ಹೋದರೆ ಅದು ವಿರಾಮ, ಹೇಳದೆ ಹೋದರೆ ಅದು ಪಲಾಯನ. ಉದ್ರೇಕಗೊಂಡ ದೇಹ ಶಾಂತವಾಗಲು ಕನಿಷ್ಠ 20 ನಿಮಿಷ ಬೇಕು. ಆದ್ದರಿಂದ ಅದಕ್ಕಿಂತ ಕಡಿಮೆ ವಿರಾಮದಿಂದ ಪ್ರಯೋಜನವಿಲ್ಲ. ಮಾತನ್ನು ಮರುದಿನ ಸಂಜೆಯಾಚೆಗೆ ದೂಡಲೂಬಾರದು. ವಿರಾಮದಲ್ಲಿ ಮನಸ್ಸಿನೊಳಗೆ ವಾದವನ್ನು ಮುಂದುವರಿಸಿದರೆ ಬಡಿತ ಇಳಿಯದು. ನಡೆಯುವುದು, ಗಿಡಕ್ಕೆ ನೀರುಣಿಸುವುದು, ಓದುವುದು, ನಿಧಾನವಾಗಿ ಉಸಿರು ಬಿಡುವುದು, ಇವು ನೆರವಾಗುತ್ತವೆ. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಅರ್ಧ ನಿಮಿಷ ನಾಡಿಯನ್ನು ಎಣಿಸಿ ಎರಡರಿಂದ ಗುಣಿಸಿದರೆ ತಮ್ಮ ಸ್ಥಿತಿ ತಮಗೇ ತಿಳಿಯುತ್ತದೆ. ಆದರೆ ರಕ್ತದೊತ್ತಡಕ್ಕಾಗಿ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ಸೇವಿಸುವವರಲ್ಲಿ ಬಡಿತ ನಿಧಾನವಾಗಿಯೇ ಇರುತ್ತದೆ. ಅವರು ಈ ಎಣಿಕೆಯನ್ನು ನಂಬದೆ, ಬಿಗಿದ ದವಡೆ, ಬಿಸಿಯಾದ ಕಿವಿ, ಮೇಲುಸಿರುಗಳನ್ನು ಗಮನಿಸಬೇಕು.

ಮೂರನೆಯದು, ಬೆನ್ನು ಹತ್ತುವವರ ನಿಯಮ. ಮಾತಿನ ಮೊದಲ ಮೂರು ನಿಮಿಷ ಹೇಗಿರುವುದೋ ಉಳಿದ ಮಾತೂ ಹೆಚ್ಚಾಗಿ ಹಾಗೆಯೇ ಸಾಗುತ್ತದೆಂದು ಗಾಟ್‌ಮನ್ ಅವರ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಆರಂಭದಲ್ಲಿ ಮೂರು ಸಂಗತಿಗಳಷ್ಟೇ ಇರಲಿ: ನಡೆದದ್ದು ಏನು, ನನಗೆ ಆದದ್ದು ಏನು, ನನಗೆ ಬೇಕಾದದ್ದು ಏನು. “ನಿಮ್ಮ ಮನೆಯವರೆಲ್ಲ”, “ನೀವು ಯಾವಾಗಲೂ”, “ಎಂದಿಗೂ” ಎಂಬ ಮಾತುಗಳು ಒಂದು ಸಂಗತಿಯನ್ನು ಇಡೀ ಕುಲಕ್ಕೂ ಇಡೀ ಆಯುಷ್ಯಕ್ಕೂ ಹಿಗ್ಗಿಸುತ್ತವೆ. ಹಿಗ್ಗಿದ ಆರೋಪಕ್ಕೆ ಉತ್ತರವಿರುವುದಿಲ್ಲ, ಓಟ ಮಾತ್ರ ಉಳಿಯುತ್ತದೆ. ವಿರಾಮವನ್ನು ಒಪ್ಪಿಕೊಂಡ ಮೇಲೆ ಆ ಹೊತ್ತಿನವರೆಗೆ ಹಿಂಬಾಲಿಸಬಾರದು. ಕಟ್ಟೆಗೆ ಹೋದವರಿಗೆ ಫೋನು ಮಾಡುವುದೂ, ಮಗನನ್ನು ಕಳಿಸುವುದೂ ಹಿಂಬಾಲಿಸಿದಂತೆಯೇ.

ನಮ್ಮ ಶಾಸ್ತ್ರದಲ್ಲಿಯೂ ಇದಕ್ಕೆ ಹೊಂದುವ ಮಾತಿದೆ. ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ಮಲ, ಮೂತ್ರ, ಕ್ಷವಥು, ಅಶ್ರು ಮೊದಲಾದ ದೇಹದ ವೇಗಗಳನ್ನು ತಡೆಯಬಾರದೆನ್ನುತ್ತದೆ. ಅದೇ ಅಧ್ಯಾಯ ತಡೆಯಬೇಕಾದ ವೇಗಗಳನ್ನೂ ಎಣಿಸುತ್ತದೆ. ಕಠೋರವಾದ, ಅತಿಯಾದ, ಚಾಡಿಯ, ಸುಳ್ಳಾದ ಮಾತಿನ ಜೊತೆಗೆ ಕಾಲಕ್ಕೆ ಹೊಂದದ ಮಾತನ್ನೂ ಅದು ಆ ಸಾಲಿಗೆ ಸೇರಿಸಿದೆ. ಹೇಳುವ ವಿಷಯ ನಿಜವಾಗಿದ್ದರೆ ಸಾಲದು, ಹೇಳುವ ಹೊತ್ತೂ ಸರಿಯಾಗಿರಬೇಕೆಂಬುದು ಅದರ ಭಾವ. ಗಮನಿಸಿ, ಕಣ್ಣೀರು ತಡೆಯಬಾರದ ವೇಗಗಳಲ್ಲಿದೆ. ಕಠೋರ ಮಾತು ತಡೆಯಬೇಕಾದ ವೇಗಗಳಲ್ಲಿದೆ.

ನಾಲ್ಕನೆಯದು, ಮರಳಿ ಕುಳಿತಾಗಿನ ಕ್ರಮ. ಮೊದಲ ಮಾತನ್ನು ಹಿಂದೆ ಸರಿದವರೇ ಆಡಬೇಕು. ಇದು ಈ ಕ್ರಮದ ತಿರುಳು. ಅವರು ಆಡುವ ಒಂದು ವಾಕ್ಯ, ಕೇಳುವವರ ನೂರು ಪ್ರಶ್ನೆಗಳಿಗಿಂತ ಬೇಗ ಗಾಣವನ್ನು ನಿಲ್ಲಿಸುತ್ತದೆ. ಪರಿಹಾರ ಸಿದ್ಧವಾಗಿರಬೇಕಾಗಿಲ್ಲ. “ನನಗೆ ಉತ್ತರ ಗೊತ್ತಿಲ್ಲ, ಅದಕ್ಕೇ ಬಾಯಿ ಬರುತ್ತಿಲ್ಲ” ಎಂಬುದೂ ಒಂದು ಉತ್ತರವೇ. ಒಂದು ಕೂಟಕ್ಕೆ ಒಂದೇ ವಿಷಯ, ಅರ್ಧ ಗಂಟೆ ಮೀರದಂತೆ.

ಆ ಮನೆಯಲ್ಲಿ ಆದದ್ದು

ಅವರು ಆದಿತ್ಯವಾರದ ಬೆಳಗಿನ ಉಪಾಹಾರದ ನಂತರದ ಹೊತ್ತನ್ನು ಆರಿಸಿಕೊಂಡರು. ಮೊದಲ ವಾರ ಸುತ್ತನ್ನು ಬರೆದದ್ದಷ್ಟೇ. ಊಟದ ಹೊತ್ತಿನಲ್ಲಿ ಬಂಗಾರದ ಮಾತೆತ್ತಬಾರದೆಂದು ಇಬ್ಬರೂ ಒಪ್ಪಿದರು. ಪ್ರತಿಯಾಗಿ ಆದಿತ್ಯವಾರ ಆ ಮಾತನ್ನು ತಪ್ಪಿಸಬಾರದೆಂದು ಯಜಮಾನರು ಮಾತುಕೊಟ್ಟರು. ಆಕೆಗೆ ಆ ವಾರ ಕಠಿಣವಾಯಿತು. ಕೇಳದಿದ್ದರೆ ವಿಷಯವೇ ಮುಳುಗಿಹೋಗುವುದೆಂಬ ಅನುಭವ ಆಕೆಯದು. ನಡುವೆ ಎರಡು ಸಲ ಕೇಳಿಯೇಬಿಟ್ಟಳು. ಒಂದು ಸಲ ಆತ ಹಳೆಯಂತೆ ಎದ್ದು ಹೋದ. ಇನ್ನೊಂದು ಸಲ ಬಾಗಿಲಲ್ಲಿ ನಿಂತು “ಆದಿತ್ಯವಾರ ಹೇಳ್ತೇನಿ” ಎಂದು ಹೇಳಿ ಹೋದ. ಎರಡನೆಯ ಸಲ ಆಕೆಗೆ ನಿದ್ರೆ ಬಂದಿತು.

ಎರಡನೆಯ ಆದಿತ್ಯವಾರ ಯಜಮಾನರು ನೋಟಿಸನ್ನು ತಂದು ಮುಂದಿಟ್ಟರು. “ಇದು ಬಂದು ಇಪ್ಪತ್ತು ದಿವಸ ಆತು. ನಿನಗ ತೋರಸಾಕ ನನಗ ನಾಚಿಕಿ ಆತು.” ಆಕೆಗೆ ಸಿಟ್ಟು ಬಾರದಿರಲಿಲ್ಲ. ಸ್ವಲ್ಪ ಹೊತ್ತು ಅಡುಗೆಮನೆಗೆ ಹೋಗಿ ಅತ್ತು, ಅರ್ಧ ಗಂಟೆಯ ನಂತರ ತಾನೇ ಮರಳಿ ಬಂದು ಕುಳಿತಳು. ಈ ಸಲ ವಿರಾಮ ಬೇಕಾದದ್ದು ಆಕೆಗೆ. “ಬಂಗಾರ ಹೋದ್ರ ಹೋಗ್ಲಿ ಅನ್ನಾಂಗಿಲ್ಲ ನಾನು. ಆದ್ರ ನನ್ನ ಮುಂದ ಹೇಳದ ಹೋದ್ರಲ್ಲ, ಅದು ನನಗ ಸುಡಾಕತ್ತೈತಿ” ಎಂದಳು.

ಸೋಮವಾರ ಇಬ್ಬರೂ ಕೂಡಿ ಬ್ಯಾಂಕಿಗೆ ಹೋದರು. ಬಾಕಿ ಬಡ್ಡಿ ಕಟ್ಟಿ ಸಾಲವನ್ನು ನವೀಕರಿಸಿದ್ದರಿಂದ ಹರಾಜು ತಪ್ಪಿತು. ಪ್ರತಿ ತಿಂಗಳು ಅಂಗಡಿಯಿಂದ ಒಂದಿಷ್ಟು ಅಸಲು ಕಟ್ಟುವುದೆಂದೂ, ಪಾವತಿಗಳು ಆಕೆಯ ಟ್ರಂಕಿನಲ್ಲಿರಬೇಕೆಂದೂ ನಿರ್ಣಯವಾಯಿತು. ತಮ್ಮನನ್ನು ಕೇಳುವ ಕೆಲಸ ಇನ್ನೂ ಬಾಕಿಯಿದೆ. ಬಂಗಾರ ಇನ್ನೂ ಬ್ಯಾಂಕಿನಲ್ಲಿಯೇ ಇದೆ. ಆದರೆ ಪಾವತಿ ಕಣ್ಣೆದುರಿಗೆ ಇರುವುದರಿಂದ ಆಕೆ ದಿನವೂ ಕೇಳುವ ಪ್ರಸಂಗ ಉಳಿದಿಲ್ಲ. ಇಲ್ಲಿ ಮಾತಿನ ರೀತಿಯಷ್ಟೇ ಬದಲಾಗಲಿಲ್ಲ, ಮನೆಯ ಲೆಕ್ಕ ಇಬ್ಬರ ಕೈಗೂ ಬಂದಿತು. ಅದಿಲ್ಲದೆ ಬರಿಯ ಮೃದುವಾದ ಮಾತು ಹೆಚ್ಚು ದಿನ ಬಾಳುತ್ತಿರಲಿಲ್ಲ.

ಎಲ್ಲಿ ತಪ್ಪುತ್ತದೆ, ಎಲ್ಲಿ ಸಲ್ಲದು

ಈ ಕ್ರಮ ಎರಡು ಕಡೆ ಕೆಡುತ್ತದೆ. ಹಿಂದೆ ಸರಿಯುವವರು ‘ವಿರಾಮ’ ಎಂಬ ಪದವನ್ನು ಕಲಿತು, ಮರಳುವ ಹೊತ್ತನ್ನು ಪ್ರತಿ ಸಲ ಮುಂದೂಡಿದರೆ ಅದು ಹಳೆಯ ಪಲಾಯನಕ್ಕೆ ಹೊಸ ಅಂಗಿ. ಹೇಳಿದ ಹೊತ್ತಿಗೆ ಮರಳದಿದ್ದದ್ದು ಮೂರು ಸಲವಾದರೆ ನಿಯಮ ಮುರಿದಿದೆಯೆಂದೇ ತಿಳಿಯಬೇಕು. ಬೆನ್ನು ಹತ್ತುವವರು ಮೆಲುದನಿಯಲ್ಲಿ ಅದೇ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳಿದರೂ ಒತ್ತಾಯ ಒತ್ತಾಯವೇ. ಹೀಗಾದಾಗ ಇಬ್ಬರೂ ನಂಬುವ ಮೂರನೆಯವರ, ಸಾಧ್ಯವಿದ್ದರೆ ತರಬೇತಿ ಪಡೆದ ಕುಟುಂಬ ಸಲಹೆಗಾರರ ನೆರವು ಬೇಕು. ಮೂರನೆಯವರು ಒಬ್ಬರ ತವರಿನವರಾಗಲಿ ಇನ್ನೊಬ್ಬರ ತಾಯಿಯಾಗಲಿ ಆಗಿರಬಾರದು.

ಎಲ್ಲ ಮೌನವೂ ಈ ಮಾದರಿಯದಲ್ಲ. ಗುರುತಿಸುವ ಬಗೆ ಹೀಗೆ: ಮಾದರಿಯ ಮೌನ ಒಂದೆರಡು ವಿಷಯಗಳ ಸುತ್ತ, ಒಬ್ಬ ವ್ಯಕ್ತಿಯ ಎದುರು ಮಾತ್ರ ಬರುತ್ತದೆ. ಗೆಳೆಯರೊಡನೆಯೂ ಮಾತಿಲ್ಲ, ಇಷ್ಟದ ಕೆಲಸದಲ್ಲಿ ಆಸಕ್ತಿಯಿಲ್ಲ, ನಿದ್ರೆ ಹಸಿವುಗಳು ಎರಡು ವಾರಕ್ಕೂ ಮಿಕ್ಕಿ ಕೆಟ್ಟಿವೆ ಎಂದಾದರೆ ಅದು ಖಿನ್ನತೆಯಿರಬಹುದು, ವೈದ್ಯರಿಗೆ ತೋರಿಸಬೇಕು. ಅರವತ್ತು ದಾಟಿದವರು ಗದ್ದಲದಲ್ಲಿ ಉತ್ತರಿಸದಿದ್ದರೆ, ಟಿ.ವಿ. ದನಿಯನ್ನು ಏರಿಸುತ್ತಿದ್ದರೆ ಮೊದಲು ಕಿವಿಯನ್ನು ಪರೀಕ್ಷಿಸಬೇಕು. ಕೇಳಿಸದವರನ್ನು ಕೇಳದವರೆಂದು ವರ್ಷಗಟ್ಟಲೆ ದೂರಿದ ಮನೆಗಳಿವೆ.

ಇನ್ನೊಂದು ಎಲ್ಲೆ ಇವೆರಡಕ್ಕಿಂತ ಮುಖ್ಯ. ಹೊಡೆತ, ಬೆದರಿಕೆ, ಕುಡಿತದ ಉಗ್ರತೆ ಇರುವ ಮನೆಯಲ್ಲಿ ಒಬ್ಬರು ಸುಮ್ಮನಾಗುವುದು ತಮ್ಮನ್ನು ಕಾಪಾಡಿಕೊಳ್ಳಲು. ಅಲ್ಲಿ “ಮೊದಲ ಮಾತನ್ನು ನೀನೇ ಆಡು” ಎಂದು ಹೇಳುವುದು ಅವರನ್ನು ಅಪಾಯಕ್ಕೆ ನೂಕಿದಂತೆ. ಸುತ್ತನ್ನು ಇಬ್ಬರೂ ತಿರುಗಿಸುತ್ತಾರೆಂಬ ಮಾತು ಹೊಡೆತಕ್ಕೆ ಅನ್ವಯಿಸುವುದಿಲ್ಲ. ಹೊಡೆದದ್ದರ ಹೊಣೆ ಹೊಡೆದವರದೇ. ಅಂಥಲ್ಲಿ ಮೊದಲು ಬೇಕಾದದ್ದು ಸುರಕ್ಷತೆ. ಮಹಿಳೆಯರು 181 ಸಹಾಯವಾಣಿಗೆ, ತುರ್ತಿನಲ್ಲಿ ಯಾರೇ ಆಗಲಿ 112ಕ್ಕೆ ಕರೆಮಾಡಬಹುದು.

ಇವೆಲ್ಲ ಇಲ್ಲದ ಸಾಮಾನ್ಯ ಮನೆಗಳಲ್ಲಿ ಆರಂಭಕ್ಕೆ ಇಷ್ಟು ಸಾಕು: ಈ ವಾರ ಊಟದ ತಾಟಿನ ಮುಂದೆ ಆ ಒಂದು ಪ್ರಶ್ನೆ ಬೇಡ. ಅದಕ್ಕೆ ಒಂದು ವಾರವನ್ನೂ ಒಂದು ಹೊತ್ತನ್ನೂ ಗೊತ್ತುಮಾಡಿ. ಕೇಳುವವರು ಅಲ್ಲಿಯವರೆಗೆ ತಾಳಲಿ. ಸರಿಯುವವರು ಆ ಹೊತ್ತಿಗೆ ತಾವೇ ಬಂದು ಕೂಡಲಿ.